ಬಸುರಿನ 18ನೇ ವಾರದಿಂದ 27ರವರೆಗೆ: ನಿಮ್ಮ ವ್ಯಾಯಾಮದ ಚೀಟಿ

ಅಕ್ಕಾ, ಡಾಕ್ಟರ್ ಮೇಡಂ ಬರೆದುಕೊಟ್ಟದ್ದನ್ನು ಎರಡು ಸಲ ಓದಿದೆ. ಬಿಪಿ 110/70, ಹಿಮೋಗ್ಲೋಬಿನ್ 11.4, ಮಾಸು ಮೇಲಿದೆ, ನಡಿಗೆಗೂ ಹಗುರ ತೂಕಕ್ಕೂ ಒಪ್ಪಿಗೆ. ಓದಿ ಖುಷಿಯಾಯಿತು. ಆದರೆ ಈ ಒಪ್ಪಿಗೆ ಮುಂದಿನ ಚೆಕಪ್‌ವರೆಗೆ ಮಾತ್ರ. ಪ್ರತಿ ಸಲ ತಾಯಿ ಕಾರ್ಡ್ ನನಗೆ ತೋರಿಸಿ, "ಜಿಮ್ ಮುಂದುವರಿಸಲಾ?" ಎಂದು ಮೇಡಂ ಅವರನ್ನೂ ಕೇಳಿ. ಬಿಪಿ ಏರಿದರೆ, ರಕ್ತ ತುಂಬಾ ಕಡಿಮೆಯಾದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದರೆ ಈ ಚೀಟಿ ಅಲ್ಲಿಗೇ ನಿಲ್ಲುತ್ತದೆ.

ಸೋಮ, ಬುಧ, ಶುಕ್ರ ನನ್ನ ಹತ್ತಿರ 35 ನಿಮಿಷ. ಮಂಗಳ, ಶನಿವಾರ ಅಪ್ಪನ ಕೆರೆಯ ದಂಡೆಗೆ 25 ನಿಮಿಷ ನಡಿಗೆ. ವಾರಕ್ಕೆ ಸುಮಾರು 150 ನಿಮಿಷ ಆಗುತ್ತದೆ, ಅಷ್ಟು ಸಾಕು. ಎಲ್ಲವೂ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಏಪ್ರಿಲ್‌ನಲ್ಲಿ ಕಲಬುರಗಿ ಬಿಸಿಲು 40 ದಾಟುತ್ತದೆ, ಗೊತ್ತಲ್ವಾ? ಹೊಟ್ಟೆಯಲ್ಲಿ ಮಗು ಇರುವಾಗ ಮೈ ಕಾಯಬಾರದು. ಕರೆಂಟ್ ಹೋಗಿ ಫ್ಯಾನ್ ನಿಂತರೆ ನಾವೂ ನಿಲ್ಲಿಸೋಣ. ಬರುವ ಒಂದು ತಾಸು ಮುಂಚೆ ಅರ್ಧ ರೊಟ್ಟಿ ಬೇಳೆ ಅಥವಾ ಒಂದು ಬಾಳೆಹಣ್ಣು ತಿನ್ನಿ. ಒಪ್ಪತ್ತು ಇದ್ದ ದಿನ ಬರಬೇಡಿ.

ಮೊದಲು ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಕುರ್ಚಿ ಬಸ್ಕಿ: 6 ಕೆಜಿ ಡಂಬೆಲ್ ಎದೆಗೆ ಹಿಡಿದು ಕುರ್ಚಿಗೆ ಮುಟ್ಟುವಷ್ಟು ಕುಳಿತು ಏಳಬೇಕು, 10 ಸಲ, ಎರಡು ಸುತ್ತು. ಮೊದಲು 40 ಕೆಜಿ ಬಾರ್ ಹೊತ್ತವರಿಗೆ ಇದು ಆಟದಂತೆ ಕಾಣುತ್ತದೆ, ನನಗೆ ಗೊತ್ತು. ಆದರೆ ಈಗ ಹಾರ್ಮೋನುಗಳಿಂದ ಕೀಲು ಸಡಿಲ ಆಗಿರುತ್ತದೆ, ಹೊಟ್ಟೆ ಮುಂದಕ್ಕೆ ಎಳೆಯುತ್ತದೆ, ತೋಲ ತಪ್ಪುವುದು ಸುಲಭ. ಪುಷ್‌ಅಪ್ ಗೋಡೆಗೆ ಕೈಯೂರಿ, 10 ಸಲ. ಕುಳಿತು ಬ್ಯಾಂಡ್ ಹಿಂದಕ್ಕೆ ಎಳೆಯುವುದು, 12 ಸಲ. ಬೆನ್ನು ನೋವಿಗೆ ಇದು ತುಂಬಾ ಒಳ್ಳೆಯದು. ಕೊನೆಗೆ ಮಂಡಿ, ಅಂಗೈ ಊರಿ ಎಡಗೈ ಬಲಗಾಲು ಚಾಚುವುದು, ನಂತರ ಬದಲಿಸಿ, ಎರಡೂ ಕಡೆ 6 ಸಲ.

ಕ್ರಂಚಸ್, ಎರಡೂ ಕಾಲು ಎತ್ತುವುದು, ಜಿಗಿತ, ಹಗ್ಗದಾಟ ಬೇಡ. ಯಾವುದೇ ವ್ಯಾಯಾಮದಲ್ಲಿ ಹೊಟ್ಟೆಯ ನಡುಗೆರೆ ದಿಬ್ಬದಂತೆ ಉಬ್ಬಿದರೆ ಅದನ್ನು ಬಿಡಿ. ಬೆನ್ನ ಮೇಲೆ ಮಲಗಿ ಮಾಡುವುದೂ ಇನ್ನು ಬೇಡ. ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳದ ಮೇಲೆ ಒತ್ತಿದರೆ ತಲೆ ಸುತ್ತುತ್ತದೆ. ಚಾಪೆಯಿಂದ ಏಳುವಾಗ ಎಡಕ್ಕೆ ಹೊರಳಿ, ಕೈಯೂರಿ, ನಿಧಾನವಾಗಿ ಏಳಿ.

ಉಸಿರಿನ ಮಾತು ಬೇರೆಯಾಗಿ ಹೇಳಬೇಕು. ಹೋದ ಬುಧವಾರ ಬ್ಯಾಂಡ್ ಎಳೆಯುವಾಗ ನಿಮ್ಮ ತುಟಿ ಬಿಗಿದು, ಕುತ್ತಿಗೆಯ ನರ ಉಬ್ಬಿತ್ತು. ಎಂಟನೆಯದಕ್ಕೆ ಮುಖ ಕೆಂಪಾಯಿತು. ನೀವು ಉಸಿರು ಹಿಡಿದಿದ್ದಿರಿ. ಹಳೆಯ ಅಭ್ಯಾಸ ಅದು, ಈಗ ಬಿಡಲೇಬೇಕು. ಜೋರು ಹಾಕುವಾಗ ಉಸಿರು ಹೊರಗೆ, ಸಡಿಲಿಸುವಾಗ ಒಳಗೆ. ನನಗೆ ನಿಮ್ಮ ಉಸಿರಿನ ಸದ್ದು ಕೇಳಿಸಬೇಕು.

ಎಷ್ಟು ಜೋರು ಅಂದರೆ, ನಡುವೆ ನನ್ನ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಹಾಡಲು ಆದರೆ ಸ್ವಲ್ಪ ಜಾಸ್ತಿ ಮಾಡಬಹುದು. ಎರಡೇ ಪದಕ್ಕೆ ಏದುಸಿರು ಬಂದರೆ ಕಡಿಮೆ ಮಾಡಿ. ಹತ್ತರಲ್ಲಿ ಐದು, ಆರು ಅನ್ನಿಸುವಷ್ಟು ಮಾತ್ರ. ಕೈ ಗಡಿಯಾರದ ನಾಡಿ ನೋಡಿ ಲೆಕ್ಕ ಹಾಕಬೇಡಿ, ಬಸುರಿಯಲ್ಲಿ ಸುಮ್ನೆ ಕುಳಿತರೂ ನಾಡಿ ಏರಿರುತ್ತದೆ.

ಇನ್ನು ಇದನ್ನು ಫ್ರಿಜ್ ಮೇಲೆ ಅಂಟಿಸಿ, ಮನೆಯವರಿಗೂ ಓದಿ ಹೇಳಿ. ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಮೇಲಿಂದ ಮೇಲೆ ಬಿಗಿದು ನೋವಾದರೆ, ಎದೆ ನೋವು ಬಂದರೆ, ಏನೂ ಮಾಡದೆ ಉಸಿರು ಕಟ್ಟಿದರೆ, ತಲೆ ಸುತ್ತಿ ಬೀಳುವಂತಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಂದೇ ಮೀನಖಂಡ ಊದಿ ನೋವಾದರೆ ತಕ್ಷಣ ನಿಲ್ಲಿಸಿ, ಡಾಕ್ಟರ್‌ಗೆ ಫೋನ್ ಮಾಡಿ. ರಕ್ತ ಜಾಸ್ತಿ ಹೋದರೆ, ಎದೆ ನೋವಾದರೆ ಅಥವಾ ಪ್ರಜ್ಞೆ ತಪ್ಪಿದರೆ ಮೊದಲು 108ಕ್ಕೆ. "ಸ್ವಲ್ಪ ಹೊತ್ತು ನೋಡೋಣ" ಅನ್ನಬೇಡಿ, ನನ್ನ ಸುತ್ತು ಅರ್ಧಕ್ಕೆ ನಿಂತಿತೆಂದು ಸಂಕೋಚ ಪಡಬೇಡಿ. ಮಗುವಿನ ಅಲುಗಾಟ ದಿನಾ ಗೊತ್ತಾಗಲು ಶುರುವಾದ ಮೇಲೆ ಕಡಿಮೆ ಅನ್ನಿಸಿದರೂ ಜಿಮ್‌ಗೆ ಬರಬೇಡಿ, ಆಸ್ಪತ್ರೆಗೆ ಹೋಗಿ.

ಏಳನೇ ತಿಂಗಳ ಕುಬಸದ ಹೊತ್ತಿಗೆ ಮತ್ತೆ ಮೇಡಂ ಅವರ ಚೀಟಿ ತನ್ನಿ, ಹೊಸದಾಗಿ ಬರೆಯೋಣ. ಸೋಮವಾರ 6:15ಕ್ಕೆ ಅತ್ತೆಯವರನ್ನೂ ಕರೆತನ್ನಿ. ಬಸುರಿಗೆ ತೂಕ ಎತ್ತಿಸುತ್ತಾರೆ ಎಂದು ಅವರಿಗೆ ಭಯ ಅಂದಿರಲ್ಲ, ಪಕ್ಕದಲ್ಲಿ ಕುರ್ಚಿ ಹಾಕುತ್ತೇನೆ, ಕಣ್ಣಾರೆ ನೋಡಲಿ.