ಶಿಫಾರಸುಗಳು: ಶಾಲೆಯಲ್ಲಿ ಏನು ಮಾಡಬೇಕು (ಐದನೇ ತರಗತಿ ಹುಡುಗಿ, ಶಿಡ್ಲಘಟ್ಟ ತಾಲ್ಲೂಕು)

ಕ್ಲಾಸ್ ಟೀಚರ್ ಮೇಡಂ ಅವರಿಗೆ ಮತ್ತು ಗಣಿತದ ಮೇಷ್ಟ್ರಿಗೆ,

ವರದಿ ಪೂರ್ತಿ ಓದಲು ಪುರುಸೊತ್ತು ಸಿಗದಿದ್ದರೆ ಈ ಭಾಗವನ್ನಾದರೂ ಓದಿ. ಹುಡುಗಿಯ ಬುದ್ಧಿಶಕ್ತಿ ವಯಸ್ಸಿಗೆ ತಕ್ಕಂತಿದೆ. ಕಣ್ಣು, ಕಿವಿ ಚೆನ್ನಾಗಿವೆ. ಅವಳಿಗಿರುವುದು ಓದು-ಬರಹದ ಕಲಿಕಾ ನ್ಯೂನತೆ. ಮನೆಯಲ್ಲಿ ತೆಲುಗು ಮಾತಾಡುವುದರಿಂದ ಹೀಗಾಗಿದೆಯೇನೋ ಅಂತ ನೀವು ಕೇಳಿದ್ದಿರಿ. ಸರಿಯಾದ ಪ್ರಶ್ನೆಯೇ. ಆದರೆ ನಾನು ಓದಿ ಹೇಳಿದ ಕಥೆಯನ್ನು ಅವಳು ಕನ್ನಡದಲ್ಲೇ ತಿರುಗಿ ಹೇಳಿದಳು, ಅದೇ ಮನೆಯ ಅಣ್ಣ ಏಳನೇ ತರಗತಿಯಲ್ಲಿ ಸರಾಗವಾಗಿ ಓದುತ್ತಾನೆ. ಹಾಗಾಗಿ ಕಾರಣ ಭಾಷೆಯಲ್ಲ, ಸೋಮಾರಿತನ ಅಂತೂ ಅಲ್ಲವೇ ಅಲ್ಲ.

ಒಂದು ವಿಷಯ ಹೇಳಲೇಬೇಕು. ರೇಷ್ಮೆ ಹುಳು ಸಾಕೋದು ಹೇಗಮ್ಮಾ ಅಂತ ಕೇಳಿದೆ. ಸೊಪ್ಪು ಕತ್ತರಿಸುವುದರಿಂದ ಶುರು ಮಾಡಿ, ನಾಲ್ಕು ಜ್ವರ, ಹಣ್ಣಾದ ಹುಳು ಆರಿಸೋದು, ಚಂದ್ರಿಕೆಗೆ ಬಿಡೋದು, ಗೂಡು ಬಿಡಿಸೋದು, ಎಲ್ಲವನ್ನೂ ಒಂದು ಹೆಜ್ಜೆ ತಪ್ಪದೆ ಹೇಳಿದಳು. ಅದನ್ನೇ ಬರಿ ಅಂದಾಗ ‘ಚಂದ್ರಿಕೆ’ ಅನ್ನೋದು ‘ಚದಿಕೆ’ ಆಯಿತು. ಸೊನ್ನೆ ಹೋಯಿತು, ಒತ್ತು ಹೋಯಿತು. ಎರಡು ಸಾಲು ಬರೆದು ಪೆನ್ಸಿಲ್ ಕೆಳಗಿಟ್ಟಳು. ಅವಳಿಗೆ ಗೊತ್ತಿರುವುದಕ್ಕೂ ಕಾಗದದ ಮೇಲೆ ಬರುವುದಕ್ಕೂ ಇಷ್ಟು ಅಂತರ ಇದೆ.

ಮೊದಲನೆಯದು, ಸೋಮವಾರದಿಂದಲೇ ಆಗುವಂಥದ್ದು. ತರಗತಿಯ ಮುಂದೆ ದಿಢೀರನೆ ಎಬ್ಬಿಸಿ ಓದಿಸಬೇಡಿ. ಓದಿಸಲೇಬೇಕು ಅಂದರೆ ಯಾವ ಮೂರು ಸಾಲು ಅಂತ ಹಿಂದಿನ ದಿನವೇ ತೋರಿಸಿ, ಮನೆಯಲ್ಲಿ ಅಣ್ಣನ ಜೊತೆ ಓದಿಕೊಂಡು ಬರಲಿ. ತಪ್ಪಿದ ಪದವನ್ನು ಹತ್ತು ಸಲ ಬರೆಸುವುದನ್ನೂ ನಿಲ್ಲಿಸಿ. ಅವಳ ನೋಟ್‌ಬುಕ್ಕಿನಲ್ಲಿ ‘ಬೆಟ್ಟ’ ಹತ್ತು ಸಲ ಇದೆ, ನಾಲ್ಕನೇ ಸಲದಿಂದ ಕೆಳಗೆಲ್ಲ ‘ಬೆಟ’.

ಕಲಿಸುವ ಕೆಲಸಕ್ಕೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬೇಕು. ಮೂವತ್ತನಾಲ್ಕು ಮಕ್ಕಳ ತರಗತಿಯಲ್ಲಿ ಇದು ಸುಲಭ ಅಲ್ಲ ಅಂತ ಗೊತ್ತು. ಬೆಳಗಿನ ಪ್ರಾರ್ಥನೆಗೆ ಮುಂಚೆ ಅಥವಾ ಲೈಬ್ರರಿ ಪೀರಿಯಡ್‌ನಲ್ಲಿ, ಇದೇ ತೊಂದರೆ ಇರುವ ಇನ್ನಿಬ್ಬರು ಮೂವರನ್ನೂ ಜೊತೆಗೆ ಕೂರಿಸಿಕೊಂಡರೆ ಆಗುತ್ತದೆ. ಗುಣಿತಾಕ್ಷರ ಅವಳಿಗೆ ಹೆಚ್ಚುಕಮ್ಮಿ ಬರುತ್ತದೆ, ಅಲ್ಲಿಂದ ಮತ್ತೆ ಶುರು ಮಾಡುವುದು ಬೇಡ. ಕಷ್ಟ ಇರುವುದು ಒತ್ತಕ್ಷರದಲ್ಲಿ. ಮೊದಲ ನಾಲ್ಕು ವಾರ ಸಜಾತಿ ಒತ್ತು ಮಾತ್ರ: ಅಕ್ಕ, ಹಣ್ಣು, ಬೆಟ್ಟ, ಸೊಪ್ಪು. ದಿನಕ್ಕೆ ಆರು ಪದ ಸಾಕು. ಪದವನ್ನು ಮೊದಲು ಬಾಯಲ್ಲಿ ಬಿಡಿಸಲಿ, ಬೆಟ್-ಟ ಅಂತ ಚಪ್ಪಾಳೆ ತಟ್ಟಿ. ಆಮೇಲೆ ಬರೆಯಲಿ, ಒತ್ತನ್ನು ಮಾತ್ರ ಕೆಂಪು ಪೆನ್ಸಿಲ್‌ನಲ್ಲಿ. ಮಾರನೇ ದಿನ ಹಳೇ ಆರು, ಹೊಸ ಆರು ಕಲಸಿ ಓದಿಸಿ. ಸೊನ್ನೆಗೂ ಇದೇ ಕ್ರಮ. ಚಕ್ರ, ಪುಸ್ತಕದಂಥ ವಿಜಾತಿ ಒತ್ತು ಐದನೇ ವಾರದಿಂದ. ಶುಕ್ರವಾರ ಹತ್ತು ಪದದ ಉಕ್ತಲೇಖನ ಕೊಟ್ಟು, ಎಷ್ಟು ಸರಿ ಅನ್ನೋದನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ತಾರೀಖು ಹಾಕಿ ಬರೆಯಿರಿ. ಈಗ ಹತ್ತಕ್ಕೆ ಮೂರು ಬರುತ್ತಿದೆ.

ಕಿರುಪರೀಕ್ಷೆಯಲ್ಲಿ ಪ್ರಶ್ನೆ ನೀವೇ ಓದಿ ಹೇಳಿ. ಪರಿಸರ ಅಧ್ಯಯನದಲ್ಲಿ ಉತ್ತರವನ್ನು ಬಾಯಲ್ಲಿ ಕೇಳಿ, ಅವಳು ಹೇಳಿದ್ದನ್ನು ನೀವು ಬರೆದುಕೊಂಡು ಅಂಕ ಕೊಡಿ. ಕಾಗುಣಿತದ ಅಂಕ ಕನ್ನಡ ವಿಷಯದಲ್ಲಿ ಕಳೆದರೆ ಸಾಕು, ಬೇರೆ ಕಡೆ ಕಳೆಯಬೇಡಿ.

ಗಣಿತದ ಮೇಷ್ಟ್ರಿಗೆ: ದಶಕ ತೆಗೆದುಕೊಂಡು ಕಳೆಯುವ ಮೂರಂಕಿ ಲೆಕ್ಕ ಅವಳಿಗೆ ಸಲೀಸು. ವಾಕ್ಯದ ಲೆಕ್ಕಗಳನ್ನು ತಾನೇ ಓದಿಕೊಂಡಾಗ ಐದಕ್ಕೆ ಒಂದು ಸರಿ ಮಾಡಿದಳು, ಅಂಥವೇ ಬೇರೆ ಐದನ್ನು ನಾನು ಓದಿ ಹೇಳಿದಾಗ ಐದೂ ಸರಿ. ಓದಿ ಹೇಳಿದರೆ ಸಾಕು, ಗಣಿತಕ್ಕೆ ಬೇರೆ ಪಾಠ ಬೇಡ.

ಇಂಗ್ಲಿಷ್‌ನಲ್ಲಿ ವಾರಕ್ಕೆ ಐದು ಸ್ಪೆಲಿಂಗ್‌ಗಿಂತ ಜಾಸ್ತಿ ಕೊಡಬೇಡಿ.

ಬ್ಲಾಕ್ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರಿಗೆ ಮುಖ್ಯಶಿಕ್ಷಕರು ಈ ವರದಿಯ ಪ್ರತಿ ಕೊಟ್ಟು, ಒಮ್ಮೆ ಶಾಲೆಗೆ ಬಂದು ಒತ್ತಕ್ಷರದ ಅಭ್ಯಾಸವನ್ನು ನಿಮ್ಮ ಜೊತೆ ಕೂತು ಮಾಡಿ ತೋರಿಸಲು ಕೇಳಬೇಕು. ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಆದರೆ ಈ ವರದಿ ಪ್ರಮಾಣಪತ್ರ ಅಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಬೇಕು ಅಂತ ತಂದೆಗೆ ಹೇಳಿದ್ದೇನೆ. ಮೇಲೆ ಹೇಳಿದ ಯಾವುದಕ್ಕೂ ಪ್ರಮಾಣಪತ್ರ ಬರುವವರೆಗೆ ಕಾಯಬೇಕಿಲ್ಲ.

ತಂದೆ-ತಾಯಿ ಇಬ್ಬರೂ ರೀಲಿಂಗ್ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಅಣ್ಣ ಹತ್ತು ನಿಮಿಷ ಜೊತೆಗೆ ಓದುತ್ತೇನೆ ಅಂದಿದ್ದಾನೆ. ಮನೆಗೆ ಅದಕ್ಕಿಂತ ಜಾಸ್ತಿ ಕೆಲಸ ಕಳಿಸಬೇಡಿ.

ಎಂಟು ವಾರದ ನಂತರ ಅವಳನ್ನು ಮತ್ತೆ ನೋಡುತ್ತೇನೆ. ಬರುವಾಗ ಆ ಕೊನೇ ಪುಟ ಇರುವ ನೋಟ್‌ಬುಕ್ ಕಳಿಸಿ. ನಾಲ್ಕು ವಾರ ಕಳೆದರೂ ಶುಕ್ರವಾರದ ಲೆಕ್ಕ ಮೂರರಲ್ಲೇ ನಿಂತಿದ್ದರೆ ಅಲ್ಲಿಯವರೆಗೆ ಕಾಯಬೇಡಿ, ಫೋನ್ ಮಾಡಿ. ಬದಲಾಯಿಸಬೇಕಾದದ್ದು ಅಭ್ಯಾಸದ ಕ್ರಮವನ್ನು, ಅದನ್ನು ಇಬ್ಬರೂ ಸೇರಿ ನೋಡೋಣ.