ಕಾರ್ಯಕ್ಷಮತೆ ಸುಧಾರಣಾ ಯೋಜನೆ: ಸೇಲ್ಸ್ ಎಕ್ಸಿಕ್ಯುಟಿವ್, ಜೇವರ್ಗಿ–ಶಹಾಪುರ ಲೈನ್

ಗೆ: ಮಲ್ಲಿಕಾರ್ಜುನ, ಸೇಲ್ಸ್ ಎಕ್ಸಿಕ್ಯುಟಿವ್ (ಜೇವರ್ಗಿ, ಯಡ್ರಾಮಿ, ಅಫಜಲಪುರ, ಶಹಾಪುರ ತಾಲ್ಲೂಕುಗಳು)
ಇಂದ: ಏರಿಯಾ ಸೇಲ್ಸ್ ಮ್ಯಾನೇಜರ್, ಕಲಬುರಗಿ
ದಿನಾಂಕ: 6 ಸೆಪ್ಟೆಂಬರ್ 2025
ಅವಧಿ: 8 ಸೆಪ್ಟೆಂಬರ್‌ನಿಂದ 29 ನವೆಂಬರ್ 2025ರವರೆಗೆ, 12 ವಾರ
ಪ್ರತಿ: ಎಚ್.ಆರ್. ವಿಭಾಗ. ಬೇರೆ ಯಾರಿಗೂ ಇಲ್ಲ.

ಮಲ್ಲಿಕಾರ್ಜುನ ಅವರೆ,

ನಿನ್ನೆ ಆಫೀಸಿನಲ್ಲಿ ಎಚ್.ಆರ್. ಅವರೂ ಇದ್ದಾಗ ನಾವು ಮಾತಾಡಿದ್ದನ್ನೇ ಇಲ್ಲಿ ಬರವಣಿಗೆಗೆ ಇಳಿಸಿದ್ದೇನೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಒಂದು ತಿಂಗಳೂ ನಿಮ್ಮ ಟಾರ್ಗೆಟ್ ಮುಟ್ಟಿಲ್ಲ. "ಇನ್ನೂ ಚೆನ್ನಾಗಿ ಕೆಲಸ ಮಾಡಿ" ಎಂದು ಹೇಳಿ ಕಳಿಸಿದರೆ ನಿಮಗೂ ದಾರಿ ಕಾಣುವುದಿಲ್ಲ, ನನಗೂ ಅಳೆಯಲು ಏನೂ ಇರುವುದಿಲ್ಲ. ಆದ್ದರಿಂದ ಎಲ್ಲಿ ಕೊರತೆಯಾಗಿದೆ, ಯಾವ ದಿನಕ್ಕೆ ಎಷ್ಟಾಗಬೇಕು, ಅದಕ್ಕೆ ನಾನು ಏನು ಮಾಡಬೇಕು ಎಂಬುದನ್ನೆಲ್ಲ ಅಂಕಿಯಲ್ಲೇ ಬರೆದಿದ್ದೇನೆ. ಈ ಯೋಜನೆಯನ್ನು ನೀವು ದಾಟಬೇಕು ಎಂಬುದು ನನ್ನ ನಿಜವಾದ ಅಪೇಕ್ಷೆ. ಪೈಪಿನ ಗೇಜು, ಮೋಟರಿನ ಹೆಡ್ಡು ಇವನ್ನು ರೈತನಿಗೆ ಅರ್ಥವಾಗುವಂತೆ ಹೇಳುವುದರಲ್ಲಿ ನಮ್ಮ ತಂಡದಲ್ಲಿ ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ.

ಈಗಿನ ಸ್ಥಿತಿ

ಐದು ತಿಂಗಳ ಟಾರ್ಗೆಟ್ 78 ಲಕ್ಷ ರೂಪಾಯಿ, ಬಿಲ್ಲಿಂಗ್ ಆಗಿದ್ದು 51 ಲಕ್ಷ. ಏಪ್ರಿಲ್‌ನಲ್ಲಿ ಶೇ 70 ಇದ್ದದ್ದು ಮೇ, ಜೂನ್‌ನಲ್ಲಿ 65, ಜುಲೈನಲ್ಲಿ 62, ಆಗಸ್ಟ್‌ನಲ್ಲಿ 60ಕ್ಕೆ ಇಳಿದಿದೆ. ಮಳೆಗಾಲದಲ್ಲಿ ಪೈಪು, ಮೋಟರು ಹೋಗುವುದಿಲ್ಲ ಎಂದು ನೀವು ಹೇಳಿದಿರಿ. ಅದು ನಿಜ. ಆದರೆ ಆ ಲೆಕ್ಕವನ್ನು ಮೊದಲೇ ಹಿಡಿದು ಜುಲೈ, ಆಗಸ್ಟ್ ಟಾರ್ಗೆಟ್ ಅನ್ನು ಏಪ್ರಿಲ್‌ನ ಅರ್ಧಕ್ಕಿಂತ ಕಡಿಮೆ, ಅಂದರೆ ತಿಂಗಳಿಗೆ 10 ಲಕ್ಷಕ್ಕೆ ಇಟ್ಟಿತ್ತು. ಅದರಲ್ಲೂ ಕೊರತೆ ಬಿದ್ದಿದೆ.

ಇದರಲ್ಲಿ ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಬೇರೆ ತೆಗೆದಿದ್ದೇನೆ. ಐದು ತಿಂಗಳಲ್ಲಿ ನೀವು ತಂದ ಆರ್ಡರ್ 63.2 ಲಕ್ಷ. ಅದರಲ್ಲಿ 4.1 ಲಕ್ಷದ ಮಾಲು ಡಿಪೊದಲ್ಲಿ ಸ್ಟಾಕ್ ಇಲ್ಲದೆ ಹೋಗಲಿಲ್ಲ. ಅದನ್ನು ನಿಮ್ಮ ಖಾತೆಗೆ ಸೇರಿಸಿ ನೋಡಿದರೂ ಶೇ 71 ಮಾತ್ರ ಆಗುತ್ತದೆ. ಉಳಿದ 8.1 ಲಕ್ಷದ ಆರ್ಡರ್ ನಿಂತದ್ದು ಡೀಲರ್ ಖಾತೆ ಬ್ಲಾಕ್ ಆಗಿದ್ದರಿಂದ. 60 ದಿನ ದಾಟಿದ ಬಾಕಿ ಇಂದಿಗೆ 14 ಅಂಗಡಿಗಳಲ್ಲಿ 11.6 ಲಕ್ಷ ಇದೆ. ಅವುಗಳಲ್ಲಿ 9 ಅಂಗಡಿಗಳಿಗೆ ಮಾಲು ಕೊಡುವಂತಿಲ್ಲ. ಹಳೆ ದುಡ್ಡು ಬಂದು ಆ ಆರ್ಡರ್ ಹೋಗಿದ್ದರೆ ನೀವು ಶೇ 81ರಲ್ಲಿ ಇರುತ್ತಿದ್ದಿರಿ, ಈ ಕಾಗದ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಿಮ್ಮ ಮಾರಾಟ ಸೋತಿರುವುದಕ್ಕೆ ಒಂದು ದೊಡ್ಡ ಕಾರಣ ವಸೂಲಿ ಎಂಬುದು ನನ್ನ ತೀರ್ಮಾನ.

ಎರಡನೆಯದು ಓಡಾಟ. ನಿಮ್ಮ ಪಟ್ಟಿಯಲ್ಲಿರುವ 46 ಡೀಲರುಗಳಲ್ಲಿ ತಿಂಗಳಿಗೆ ಸರಾಸರಿ 19 ಅಂಗಡಿ ಮಾತ್ರ ಮಾಲು ಎತ್ತುತ್ತಿವೆ. 51 ಲಕ್ಷದಲ್ಲಿ 33.4 ಲಕ್ಷ ಬರೀ ಆರು ಅಂಗಡಿಗಳಿಂದ ಬಂದಿದೆ. ಆ್ಯಪ್‌ನಲ್ಲಿ ನೀವೇ ಹಾಕಿದ ದಾಖಲೆಯ ಪ್ರಕಾರ ಜೇವರ್ಗಿ ಪಟ್ಟಣದ 5 ಅಂಗಡಿಗಳಿಗೆ 164 ಸಲ ಹೋಗಿದ್ದೀರಿ, ಶಹಾಪುರ ತಾಲ್ಲೂಕಿನ 12 ಅಂಗಡಿಗಳಿಗೆ ಎಲ್ಲ ಸೇರಿ 21 ಸಲ. ಕಾಲುವೆ ನೀರಿನ ಸೀಮೆಯಲ್ಲಿ ನಮ್ಮ ಮಾಲು ಯಾರಿಗೆ ಬೇಕು ಎಂದು ನೀವು ಕೇಳಿದಿರಿ. ಕಾಲುವೆ ಮುಟ್ಟದ ಹೊಲಗಳು ಅಲ್ಲೂ ಬೇಕಾದಷ್ಟಿವೆ. ಹತ್ತಿ, ತೊಗರಿ, ಮೆಣಸಿನಕಾಯಿ ಹಾಕುವವರು ಬೋರಿನ ನೀರಿಗೆ ಪೈಪು ಎಳೆಯುತ್ತಲೇ ಇದ್ದಾರೆ.

ಮುಟ್ಟಬೇಕಾದ ಅಂಕಿ

| ಅಳತೆ | ಈಗ | ಸೆಪ್ಟೆಂಬರ್ | ಅಕ್ಟೋಬರ್ | ನವೆಂಬರ್ 29 |
|---|---|---|---|---|
| ಬಿಲ್ಲಿಂಗ್ (ಲಕ್ಷ ರೂ.) | ಆಗಸ್ಟ್: 6.0 | 9.0 | 12.8 | 18.0 |
| ಮಾಲು ಎತ್ತಿದ ಡೀಲರುಗಳು | 19 | 22 | 26 | 30 |
| ಹಳೆ ಬಾಕಿ ವಸೂಲಿ, ಒಟ್ಟು (ಲಕ್ಷ ರೂ.) | 0 | 2.5 | 5.0 | 8.0 |
| ವಾರದ ಭೇಟಿಗಳು | 19 | 24 | 28 | 28 |

ಬಿಲ್ಲಿಂಗ್ ಅಂಕಿ ಪೂರ್ತಿ ಟಾರ್ಗೆಟ್ ಅಲ್ಲ. ಸೆಪ್ಟೆಂಬರ್‌ನ 12 ಲಕ್ಷದಲ್ಲಿ ಶೇ 75, ಅಕ್ಟೋಬರ್‌ನ 16 ಲಕ್ಷದಲ್ಲಿ ಶೇ 80, ನವೆಂಬರ್‌ನ 20 ಲಕ್ಷದಲ್ಲಿ ಶೇ 90. ಮೊದಲ ತಿಂಗಳೇ ನೂರಕ್ಕೆ ನೂರು ಕೇಳಿದರೆ ತಿಂಗಳ ಕೊನೆಗೆ ಅಂಗಡಿಯವರ ಕೈಕಾಲು ಹಿಡಿದು ಬೇಡದ ಮಾಲು ತುಂಬಿಸುತ್ತೀರಿ, ಮುಂದಿನ ತಿಂಗಳು ಅದು ವಾಪಸ್ ಬರುತ್ತದೆ. ಹಾಗಾಗಿ ಎರಡು ನಿಯಮ: ವಾಪಸ್ ಬಂದ ಮಾಲು ಬಿಲ್ಲಿಂಗ್‌ನಿಂದ ಕಳೆಯಲಾಗುತ್ತದೆ, ತಿಂಗಳ ಕೊನೆಯ ಮೂರು ಕೆಲಸದ ದಿನಗಳ ಬಿಲ್ಲು ಆ ತಿಂಗಳ ಅಂಕಿಯ ಶೇ 30 ದಾಟಿದರೆ ಹೆಚ್ಚಿನ ಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಲು ಎತ್ತಿದ ಡೀಲರ್ ಅಂದರೆ ಆ ತಿಂಗಳಲ್ಲಿ ಕನಿಷ್ಠ 15,000 ರೂಪಾಯಿ ಬಿಲ್ಲಾದ ಅಂಗಡಿ. 30ರಲ್ಲಿ ಕನಿಷ್ಠ 7 ಶಹಾಪುರ ತಾಲ್ಲೂಕಿನವು ಇರಬೇಕು.

ಭೇಟಿ ಅಂದರೆ ಚಹಾ ಕುಡಿದು ಬರುವುದಲ್ಲ. ಅಂಗಡಿಯಲ್ಲಿ ನಮ್ಮ ಮಾಲು ಎಷ್ಟು ಉಳಿದಿದೆ, ಏನು ಆರ್ಡರ್ ಬಂತು ಅಥವಾ ಯಾಕೆ ಬರಲಿಲ್ಲ, ಬಾಕಿಗೆ ಯಾವ ತಾರೀಖು ಕೊಟ್ಟರು, ಈ ಮೂರನ್ನೂ ಅಂಗಡಿಯಿಂದಲೇ ಆ್ಯಪ್‌ನಲ್ಲಿ ತುಂಬಿದರೆ ಒಂದು ಭೇಟಿ.

ವಸೂಲಿ: ಬೆಳೆ ನೋಡಿ ಬಾಗಿಲು ತಟ್ಟುವುದು

ಇದರ ಮೇಲೆ ಹೆಚ್ಚು ಬರೆಯುತ್ತಿದ್ದೇನೆ, ಏಕೆಂದರೆ ಉಳಿದ ಮೂರು ಅಂಕಿಗಳೂ ಇದರ ಮೇಲೆ ನಿಂತಿವೆ.

"ತೊಗರಿ ರಾಶಿ ಆಗ್ಲಿ, ಆಮ್ಯಾಗ ಕೊಡ್ತೀನ್ರಿ" ಎಂಬುದು ನಿಮಗೆ ಎಲ್ಲ ಕಡೆ ಸಿಗುವ ಉತ್ತರ. ತೊಗರಿ ರಾಶಿ ಡಿಸೆಂಬರ್, ಜನವರಿಯ ಮಾತು. ಅಲ್ಲಿಯವರೆಗೆ ಕೂತರೆ ಹಿಂಗಾರಿ ಸೀಜನ್ ಕೈಬಿಡುತ್ತದೆ. ಆದರೆ ಎಲ್ಲ ಅಂಗಡಿಗೂ ದುಡ್ಡು ತೊಗರಿಯಿಂದಲೇ ಬರುವುದಿಲ್ಲ. ಹೆಸರು, ಉದ್ದು ಮಾರಿದ ಕಡೆ ಈಗಲೇ ಒಂದಿಷ್ಟು ಕಾಸು ಓಡಾಡುತ್ತಿದೆ. ಅಕ್ಟೋಬರ್ ಕೊನೆಯಿಂದ ಹತ್ತಿ ಬಿಡಿಸಿ ಮಾರುವುದು ಶುರುವಾದರೆ ಜೇವರ್ಗಿ, ಶಹಾಪುರ ಕಡೆ ದುಡ್ಡು ಬರುತ್ತದೆ. ಅಫಜಲಪುರದಲ್ಲಿ ಕಬ್ಬಿನ ಬಿಲ್ಲು ಆದಮೇಲೆ. ಮೇಲಿನ ಪಟ್ಟಿಯಲ್ಲಿ ನವೆಂಬರ್‌ಗೆ ಹೆಚ್ಚು ಇಟ್ಟಿರುವುದು ಅದಕ್ಕೇ.

ಆದ್ದರಿಂದ 14 ಅಂಗಡಿಗಳನ್ನೂ ಅವುಗಳ ಗಿರಾಕಿಗಳು ಯಾವ ಬೆಳೆಯವರು ಎಂದು ನೋಡಿ ಹೊಂದಿಸಿ, ಪ್ರತಿಯೊಂದಕ್ಕೂ ಕಂತು ಮತ್ತು ತಾರೀಖು ಬರೆದ ಪಟ್ಟಿಯನ್ನು ಸೆಪ್ಟೆಂಬರ್ 13ರೊಳಗೆ ನನಗೆ ಕೊಡಬೇಕು. ಪೂರ್ತಿ ಬಾಕಿ ಒಮ್ಮೆಗೇ ಕೇಳಬೇಡಿ. ಹಳೆ ಬಾಕಿಯಲ್ಲಿ ಶೇ 40 ಕಟ್ಟಿದ ಡೀಲರಿಗೆ ಬ್ಲಾಕ್ ತೆಗೆದು, ನಗದು ಕೊಟ್ಟಷ್ಟು ಮಾಲು ಕೊಡಲು ಅಕೌಂಟ್ಸ್‌ನವರ ಒಪ್ಪಿಗೆ ಪಡೆದಿದ್ದೇನೆ. ಇದು ನಿಮ್ಮ ಕೈಗೆ ಸಿಕ್ಕಿರುವ ದೊಡ್ಡ ಅನುಕೂಲ, ಮೊದಲ ವಾರವೇ 9 ಬ್ಲಾಕ್ ಅಂಗಡಿಗಳಿಗೂ ಎದುರು ಕೂತು ತಿಳಿಸಿ.

ಮುಂದಿನ ತಾರೀಖಿನ ಚೆಕ್ ವಸೂಲಿ ಅಲ್ಲ, ಖಾತೆಗೆ ದುಡ್ಡು ಬಿದ್ದ ದಿನವೇ ಲೆಕ್ಕ. ನಗದನ್ನು ಕೈಯಲ್ಲಿ ಇಟ್ಟುಕೊಳ್ಳದೆ ಅದೇ ದಿನ ಅಥವಾ ಮರುದಿನ ಬ್ಯಾಂಕಿಗೆ ಕಟ್ಟಿ ರಸೀದಿ ಕಳಿಸಬೇಕು. ಅಫಜಲಪುರದ ಒಬ್ಬ ಡೀಲರ್ ಒಡೆದ ಪೈಪಿನ ಬಗ್ಗೆ ತಕರಾರು ಎತ್ತಿರುವ 1.4 ಲಕ್ಷವನ್ನು ನಿಮ್ಮ ಲೆಕ್ಕದಿಂದ ತೆಗೆದಿದ್ದೇನೆ. ಅದನ್ನು ನಾನೇ ಬಗೆಹರಿಸುತ್ತೇನೆ. 12 ವಾರಗಳಲ್ಲಿ ಹೊಸದಾಗಿ 60 ದಿನ ದಾಟುವ ಬಾಕಿ 2 ಲಕ್ಷ ಮೀರಬಾರದು.

ವಾರದ ಬೀಟ್

ಸೋಮವಾರ ಜೇವರ್ಗಿ, ಮಂಗಳವಾರ ಯಡ್ರಾಮಿ ಮತ್ತು ಇಜೇರಿ, ಬುಧವಾರ ಶಹಾಪುರ ಮತ್ತು ಗೋಗಿ, ಗುರುವಾರ ಅಫಜಲಪುರ ಮತ್ತು ಕರಜಗಿ. ದಿನಕ್ಕೆ 6 ಅಂಗಡಿ. ಶುಕ್ರವಾರ ವಸೂಲಿಗೆ ಮೀಸಲು, 4 ಅಂಗಡಿ ಸಾಕು. ಜೇವರ್ಗಿ ಪಟ್ಟಣದ ಅಂಗಡಿಗಳಿಗೆ ವಾರಕ್ಕೆ ಒಂದೇ ಸಲ. ಅವರು ಫೋನಿನಲ್ಲೇ ಆರ್ಡರ್ ಕೊಡುವವರು. ತಿಂಗಳಿಗೆ ಎರಡು ಹೊಲದಲ್ಲಿ ಸ್ಪ್ರಿಂಕ್ಲರ್ ಹಾಕಿ ತೋರಿಸಬೇಕು. ಕಡಲೆ, ಜೋಳ ಬಿತ್ತುವ ಸಮಯವಿದು. ಸಬ್ಸಿಡಿ ಕೇಳುವವರ ಪಹಣಿ, ಫ್ರೂಟ್ಸ್ ಐಡಿ ಸರಿ ಇದೆಯೇ ನೋಡಿ, ಡೀಲರ್ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿ.

ತಿಂಗಳಿಗೆ ಎರಡು ಗುರುವಾರ ತಾಯಿಯವರನ್ನು ಕಲಬುರಗಿಯ ಆಸ್ಪತ್ರೆಗೆ ಕರೆತರಬೇಕು ಎಂದಿದ್ದೀರಿ. ಆ ದಿನ ನೀವು ಕೆಲಸಕ್ಕೆ ಬರಬೇಕಾಗಿಲ್ಲ, ಆ ವಾರದ ಭೇಟಿಯಲ್ಲಿ 6 ಕಡಿಮೆ ಹಿಡಿಯುತ್ತೇನೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ರಜೆಗೂ 6 ಕಡಿಮೆ. ದಸರಾ ಮತ್ತು ದೀಪಾವಳಿ ವಾರಗಳಲ್ಲಿ ಭೇಟಿ 16 ಸಾಕು. ಉಜನಿಯಿಂದ ನೀರು ಬಿಟ್ಟು ಭೀಮಾ ದಂಡೆಯ ರಸ್ತೆ ಮುಳುಗಿದರೆ ಅಲ್ಲಿಗೆ ಹೋಗುವ ಸಾಹಸ ಬೇಡ. ಆ ದಿನ ಬೆಳಿಗ್ಗೆಯೇ ಫೋನ್ ಮಾಡಿ, ಬೀಟ್ ಬದಲಿಸೋಣ. ನೆರೆ ಹೆಚ್ಚು ದಿನ ನಿಂತರೆ ಅಂಕಿಗಳನ್ನೇ ಲಿಖಿತವಾಗಿ ತಿದ್ದುತ್ತೇನೆ.

ನಾನು ಮಾಡಬೇಕಾದ್ದು

ಸೆಪ್ಟೆಂಬರ್ ಪೂರ್ತಿ ಪ್ರತಿ ಬುಧವಾರ (17ರ ಬದಲು 18ಕ್ಕೆ) ನಿಮ್ಮ ಜೊತೆ ಶಹಾಪುರ ಲೈನಿಗೆ ಬರುತ್ತೇನೆ. ಮಾತು ನೀವೇ ಆಡಬೇಕು, ನಾನು ಪಕ್ಕದಲ್ಲಿ ಇರುತ್ತೇನೆ. ಡಿಪೊ ಸ್ಟಾಕ್ ಪಟ್ಟಿ ದಿನಾ ರಾತ್ರಿ 8ರೊಳಗೆ ನಿಮ್ಮ ವಾಟ್ಸ್ಯಾಪ್‌ಗೆ ಬರುತ್ತದೆ. ಡೀಲರುಗಳ ಬಾಕಿ ಸ್ಕೀಮ್ ಕ್ರೆಡಿಟ್ ನೋಟುಗಳನ್ನು ಸೆಪ್ಟೆಂಬರ್ 20ರೊಳಗೆ ಹಾಕಿಸುತ್ತೇನೆ. ಶಹಾಪುರ ಬೀಟಿಗೆ ಪೆಟ್ರೋಲ್ ಭತ್ಯೆ ವಾರಕ್ಕೆ 400 ರೂಪಾಯಿ ಹೆಚ್ಚು ಸಿಗುತ್ತದೆ. ಸ್ಟಾಕ್ ಇಲ್ಲದೆ ನಿಂತ ಆರ್ಡರ್ ಅನ್ನು ಮೇಲೆ ಮಾಡಿದ ಹಾಗೆಯೇ ನಿಮ್ಮ ಪರವಾಗಿ ಲೆಕ್ಕ ಹಾಕುತ್ತೇನೆ. ಇವುಗಳಲ್ಲಿ ಯಾವುದಾದರೂ ನನ್ನಿಂದ ತಪ್ಪಿದರೆ ಶನಿವಾರದ ಭೇಟಿಯಲ್ಲೇ ಬರೆಸಿ.

ಪರಿಶೀಲನೆ ಮತ್ತು ಫಲಿತಾಂಶ

ಪ್ರತಿ ಶನಿವಾರ ಬೆಳಿಗ್ಗೆ 10.30ಕ್ಕೆ ಕಲಬುರಗಿ ಆಫೀಸಿನಲ್ಲಿ ಅರ್ಧ ಗಂಟೆ ಕೂರೋಣ. ನಾಲ್ಕು ಅಂಕಿ, ಮುಂದಿನ ವಾರದ ಪಟ್ಟಿ, ಅಷ್ಟೇ. ಎಚ್.ಆರ್. ಸೇರುವ ತಿಂಗಳ ಪರಿಶೀಲನೆ ಅಕ್ಟೋಬರ್ 4, ನವೆಂಬರ್ 3 (1ನೇ ತಾರೀಖು ರಾಜ್ಯೋತ್ಸವದ ರಜೆ), ಕೊನೆಯದು ಡಿಸೆಂಬರ್ 1.

ಮೂರು ತಿಂಗಳ ಬಿಲ್ಲಿಂಗ್ ಸೇರಿ 39.8 ಲಕ್ಷ ಮುಟ್ಟಿ, ಉಳಿದ ಮೂರು ಅಂಕಿಗಳೂ ನವೆಂಬರ್ ಮಟ್ಟಕ್ಕೆ ಬಂದರೆ ಯೋಜನೆ ಮುಗಿಯಿತು; ಮುಗಿದ ಪತ್ರ ಕೊಡುತ್ತೇವೆ. ಒಂದು ತಿಂಗಳು ಹಿಂದೆ ಬಿದ್ದು ಮುಂದಿನ ತಿಂಗಳು ತುಂಬಿಕೊಂಡರೂ ಸರಿಯೇ. ಬಿಲ್ಲಿಂಗ್ 36 ಲಕ್ಷ, ವಸೂಲಿ 7 ಲಕ್ಷ ದಾಟಿ ಸ್ವಲ್ಪದರಲ್ಲಿ ತಪ್ಪಿದರೆ ಒಂದೇ ಒಂದು ಸಲ ನಾಲ್ಕು ವಾರ ಮುಂದುವರಿಸುತ್ತೇವೆ. ಅದಕ್ಕಿಂತ ಕೆಳಗಿದ್ದರೆ ಎರಡು ದಾರಿ: ಡಿಪೊ ಕೌಂಟರಿನಲ್ಲಿ ಜಾಗ ಖಾಲಿಯಿದ್ದು ನಿಮಗೂ ಒಪ್ಪಿಗೆಯಾದರೆ ಅಲ್ಲಿಗೆ ವರ್ಗ, ಇಲ್ಲವಾದರೆ ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿ ಕೊಟ್ಟು ಸೇವೆ ಕೊನೆಗೊಳಿಸುವುದು. ಇದನ್ನು ಮುಚ್ಚಿಟ್ಟು ಕೊನೆಗೆ ಹೇಳುವುದು ನ್ಯಾಯವಲ್ಲ ಎಂದು ಈಗಲೇ ಬರೆದಿದ್ದೇನೆ. ಈ ಅವಧಿಯಲ್ಲಿ ಸಂಬಳ, ರಜೆ, ಇನ್ಸೆಂಟಿವ್ ನಿಯಮಗಳು ಹಾಗೆಯೇ ಇರುತ್ತವೆ.

ಅಂಕಿಗಳಲ್ಲಿ ತಪ್ಪಿದೆ ಅನಿಸಿದರೆ ಸೆಪ್ಟೆಂಬರ್ 10ರೊಳಗೆ ನನಗೆ ಅಥವಾ ನೇರವಾಗಿ ಎಚ್.ಆರ್.ಗೆ ಬರೆಯಿರಿ. ಸಹಿ ಮಾಡಿದರೆ ಓದಿ ತಿಳಿದುಕೊಂಡಿದ್ದೀರಿ ಎಂದಷ್ಟೇ ಅರ್ಥ, ಎಲ್ಲವನ್ನೂ ಒಪ್ಪಿದಿರಿ ಎಂದಲ್ಲ.

ಸಹಿ,
ಏರಿಯಾ ಸೇಲ್ಸ್ ಮ್ಯಾನೇಜರ್, ಕಲಬುರಗಿ

ನೌಕರನ ಅಭಿಪ್ರಾಯ (6 ಸೆಪ್ಟೆಂಬರ್, ಸಂಜೆ 5.15)

ಓದಿದ್ದೇನೆ. ವಸೂಲಿ ವಿಷಯ ಒಪ್ಪುತ್ತೇನೆ. ಶಹಾಪುರದ 12 ಅಂಗಡಿಗಳಲ್ಲಿ 2 ಅಂಗಡಿಯವರು ಈ ವ್ಯಾಪಾರ ಬಿಟ್ಟು ಗೊಬ್ಬರ ಅಷ್ಟೇ ಮಾರುತ್ತಿದ್ದಾರೆ, ಅವನ್ನು ಪಟ್ಟಿಯಿಂದ ತೆಗೆದು 7ರ ಬದಲು 6 ಮಾಡಬೇಕೆಂದು ಕೇಳುತ್ತೇನೆ. ಬ್ಲಾಕ್ ಆದ 9 ಅಂಗಡಿಗಳಿಗೆ ಸೋಮವಾರದಿಂದ ಹೋಗುತ್ತೇನೆ. – ಮಲ್ಲಿಕಾರ್ಜುನ

ಬುಧವಾರ, 10ನೇ ತಾರೀಖು ಇಬ್ಬರೂ ಆ 2 ಅಂಗಡಿಗಳನ್ನು ನೋಡಿ ಬರುತ್ತೇವೆ. ಅವರು ಹೇಳಿದಂತೆಯೇ ಇದ್ದರೆ 6 ಎಂದು ತಿದ್ದಿ, ಇದೇ ಕಾಗದದ ಮೇಲೆ ಇಬ್ಬರೂ ಸಹಿ ಹಾಕುತ್ತೇವೆ. – ಏ.ಸೇ.ಮ್ಯಾ.