ಬೇಸ್‌ಲೈನ್ ಶೆಡ್ಯೂಲ್ ಜೊತೆಗಿನ ವಿವರಣೆ: ಶಾಖಾ ನಾಲೆ ಸೇತುವೆ, ಮಂಡ್ಯ ತಾಲ್ಲೂಕು

ವಿ.ಸಿ. ನಾಲೆಯ ಶಾಖಾ ನಾಲೆ ಮೇಲಿರುವ ಹಳೆಯ ಕಿರಿದಾದ ಸೇತುವೆ ಒಡೆದು, ಅದೇ ಜಾಗದಲ್ಲಿ 15 ಮೀಟರ್ ಸ್ಪ್ಯಾನಿನ ಹೊಸ ಆರ್‌ಸಿಸಿ ಸೇತುವೆ ಕಟ್ಟುವ ಕೆಲಸ ಇದು. ಕೆಲಸ ಶುರು 2026ರ ಫೆಬ್ರವರಿ 2, ಶೆಡ್ಯೂಲ್ ಪ್ರಕಾರ ಮುಗಿಯುವುದು ಆಗಸ್ಟ್ 8, ಕರಾರಿನ ಗಡುವು ಆಗಸ್ಟ್ 31. ಮೇಲ್ನೋಟಕ್ಕೆ ಮೂರು ವಾರ ಕೈಯಲ್ಲಿದೆ ಅನ್ನಿಸುತ್ತದೆ. ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ನಾಲೆಗೆ ನೀರು ಬರುವ ದಿನಕ್ಕೆ ಹೋಲಿಸಿದರೆ ನಮ್ಮ ಹತ್ತಿರ ಉಳಿಯುವುದು ಮೂರೇ ಕೆಲಸದ ದಿನ.

ಫೆಬ್ರವರಿ ಕೊನೆಗೆ ನಾಲೆ ನೀರು ನಿಲ್ಲುತ್ತದೆ, ಜೂನ್ 30ರವರೆಗೆ ಮತ್ತೆ ಬಿಡುವುದಿಲ್ಲ ಎಂದು ಹಿಡಿದಿದ್ದೇವೆ. ಇದು ಈ ಶೆಡ್ಯೂಲಿನ ಅತಿ ದೊಡ್ಡ ಊಹೆ. ಬೇಸಿಗೆ ಬೆಳೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡಲು ತೀರ್ಮಾನವಾದರೆ ಇಡೀ ಲೆಕ್ಕ ಮತ್ತೆ ಹಾಕಬೇಕು. ಅಂಥ ಸೂಚನೆ ಬಂದ ದಿನವೇ ನಮಗೆ ತಿಳಿಸಬೇಕೆಂದು ಕೋರುತ್ತೇವೆ.

ಸೈಟ್ ಸಜ್ಜು ಮಾಡಲು, ಸರ್ವೆಗೆ 10 ದಿನ. ಮುಂದಿನ 14 ದಿನದಲ್ಲಿ, ವಾಹನಗಳು ಬಳಸಿ ಹೋಗಬೇಕಾದ, ಕೆಳಗಿನ ಸೇತುವೆವರೆಗಿನ 3 ಕಿ.ಮೀ. ಏರಿ ರಸ್ತೆ ರಿಪೇರಿ. ಅದು ಮುಗಿಯದೆ ಹಳೆ ಸೇತುವೆ ಮುಟ್ಟುವುದಿಲ್ಲ. ಎರಡು ಟ್ರೇಲರ್ ಎಳೆದುಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್ ಗುಂಡಿ ಬಿದ್ದ ಏರಿ ಮೇಲೆ ಹೋಗುವುದು ಅಪಾಯ, ಅಲ್ವಾ? ನಾಲೆ ಒಣಗಿರುವಾಗ ನಡೆದು ಹೋಗುವವರಿಗೆ ತಳದಲ್ಲೇ ಕಾಲುದಾರಿ ಬಿಡುತ್ತೇವೆ. ಮಾರ್ಚ್ 2ರಿಂದ 8 ದಿನ ಒಡೆಯುವ ಕೆಲಸ.

ಎಡದಂಡೆಯಲ್ಲಿ ಸೇತುವೆಯ ತುದಿಯನ್ನು ಹೊರುವ ಅಬಟ್‌ಮೆಂಟಿನ ಗುಂಡಿ ತೋಡಲು 6 ದಿನ, ತಳಪಾಯಕ್ಕೆ 10 ದಿನ. ಅಗೆಯುವುದು ಒಂದೇ ದಿನದ ಕೆಲಸದಂತೆ ಕಾಣಬಹುದು. ಆದರೆ ನಾಲೆ ನಿಂತರೂ ಪಕ್ಕದ ಗದ್ದೆಗಳ ಬಸಿ ನೀರು ನಿಲ್ಲುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಗುಂಡಿಯಲ್ಲಿ ಮೊಣಕಾಲುದ್ದ ನೀರಿರುತ್ತದೆ. ಅದಕ್ಕೇ ಎರಡು ಪಂಪು, ಮಣ್ಣು ಕುಸಿಯದಂತೆ ಇಳಿಜಾರು, ಎಲ್ಲ ಸೇರಿಸಿ 6 ದಿನ. ಅಬಟ್‌ಮೆಂಟ್ ಗೋಡೆ ಎರಡು ಲಿಫ್ಟ್, ಅಂದರೆ ಎರಡು ಹಂತದಲ್ಲಿ ಏಳುತ್ತದೆ. ಒಂದೊಂದಕ್ಕೂ ಕಂಬಿ 3 ದಿನ, ಶಟರಿಂಗ್ 3, ಕಾಂಕ್ರೀಟ್ 1, ಬಿಚ್ಚಲು 1, ಒಟ್ಟು 16 ದಿನ. ಇದು ಏಪ್ರಿಲ್ 20ಕ್ಕೆ ಮುಗಿಯುತ್ತದೆ.

ಬಲದಂಡೆಯ ತಳಪಾಯ ಏಪ್ರಿಲ್ 13ಕ್ಕೇ ರೆಡಿ. ಆದರೂ ಗೋಡೆ ಶುರುವಾಗುವುದು 21ಕ್ಕೆ. ನಮ್ಮ ಹತ್ತಿರ ಶಟರಿಂಗ್ ಒಂದೇ ಸೆಟ್ ಇದೆ, ಬಡಗಿಗಳ ಗ್ಯಾಂಗೂ ಒಂದೇ. ಅಲ್ಲಿ 6 ದಿನ ಸುಮ್ನೆ ಕಾಯುತ್ತೇವೆ. ಇದನ್ನು ಮರೆಮಾಚಿಲ್ಲ, ಶೆಡ್ಯೂಲಿನಲ್ಲಿ ಖಾಲಿ ಜಾಗವಾಗಿಯೇ ಕಾಣುತ್ತದೆ. ಏಪ್ರಿಲ್ 10ರ ಪರಿಶೀಲನೆಯಲ್ಲಿ ಕೆಲಸ ಮೂರು ದಿನಕ್ಕಿಂತ ಜಾಸ್ತಿ ಹಿಂದೆ ಬಿದ್ದಿದ್ದರೆ ಇನ್ನೊಂದು ಸೆಟ್ ಬಾಡಿಗೆಗೆ ತಂದು, ಇನ್ನೊಂದು ಗ್ಯಾಂಗ್ ಹಾಕುತ್ತೇವೆ.

ಬಲದಂಡೆ ಮೇ 9ಕ್ಕೆ ಮುಗಿದರೆ, 11ರಿಂದ ನಾಲೆ ತಳದ ಮೇಲೆ ಸೆಂಟ್ರಿಂಗ್ 10 ದಿನ, ಕಂಬಿ 5 ದಿನ. ಮೇ 28ಕ್ಕೆ ಬೀಮು, ಸ್ಲ್ಯಾಬು ಒಂದೇ ಸಲಕ್ಕೆ ಕಾಂಕ್ರೀಟ್. ಸುಮಾರು 75 ಘನ ಮೀಟರ್, ಅಂದರೆ 6 ಘನ ಮೀಟರಿನ 13 ಲೋಡ್ ರೆಡಿಮಿಕ್ಸ್. ಮೇ ತಿಂಗಳ ಸಂಜೆ ಗುಡುಗು ಮಳೆ ಯಾವಾಗ ಹೊಡೆಯುತ್ತದೋ ಹೇಳಲಾಗದು. ಅದಕ್ಕೇ ಬೆಳಗಿನ 5ಕ್ಕೆ ಶುರು.

ಮುಂದಿನ 21 ದಿನವನ್ನು ಯಾರೂ ಕಡಿಮೆ ಮಾಡಿ ಎಂದು ಕೇಳಬಾರದು. 6 ಮೀಟರಿಗಿಂತ ಉದ್ದದ ಬೀಮಿನ ಆಸರೆ ತೆಗೆಯಲು ಐಎಸ್ 456 ಹೇಳುವ ಕನಿಷ್ಠ ಅವಧಿ ಅದು, ಅದೂ ಒಪಿಸಿ ಸಿಮೆಂಟಿಗೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಬಳಸಿದರೆ ಇನ್ನೂ ಕಾಯಬೇಕು. ಹಾಗಾಗಿ ಬೀಮು, ಸ್ಲ್ಯಾಬು ಸೇರಿದ ಡೆಕ್ಕಿಗೆ ಒಪಿಸಿ ಎಂದೇ ಹಿಡಿದಿದ್ದೇವೆ. ಕಾಯುವ ಈ ಅವಧಿ ಭಾನುವಾರವೂ ಸೇರಿದ ಏಳು ದಿನದ ಕ್ಯಾಲೆಂಡರಿನಲ್ಲಿದೆ, ಉಳಿದ ಕೆಲಸವೆಲ್ಲ ವಾರಕ್ಕೆ ಆರು ದಿನದ್ದು. ಜೂನ್ 18ಕ್ಕೆ 21 ದಿನ ತುಂಬುತ್ತದೆ. ಸೆಂಟ್ರಿಂಗ್ ತೆಗೆಯಲು 4 ದಿನ, ನಾಲೆ ತಳ ಸರಿಮಾಡಲು 3 ದಿನ. ಅಲ್ಲಿಗೆ ಜೂನ್ 26. ಆಮೇಲೆ ಉಳಿಯುವ 27, 29, 30ನೇ ತಾರೀಖುಗಳೇ ಮೊದಲು ಹೇಳಿದ ಆ ಮೂರು ದಿನ.

ಯುಗಾದಿಗೆ ಮಾರ್ಚ್ 19ರಿಂದ 21ರವರೆಗೆ ಕೆಲಸ ಇಲ್ಲ. ಹಬ್ಬದ ಮರುದಿನ ಹೊಸತೊಡಕು. ಅದನ್ನು ಬಿಟ್ಟು ಬನ್ನಿ ಎಂದರೆ ಯಾವ ಗ್ಯಾಂಗೂ ಬರುವುದಿಲ್ಲ. ಮೇ 1 ಕೂಡ ರಜೆ.

ಸೇತುವೆ ಎರಡೂ ಬದಿಯ ಮಣ್ಣು ತುಂಬುವುದು ಜೂನ್ 19ರಿಂದ. ಡೆಕ್ ಗಟ್ಟಿಯಾಗುವ ಮುಂಚೆ ತುಂಬಿದರೆ ಮಣ್ಣಿನ ಒತ್ತಡಕ್ಕೆ ಅಬಟ್‌ಮೆಂಟ್ ವಾಲಬಹುದು. 18 ದಿನದ ಕೆಲಸಕ್ಕೆ ಮಳೆಗೆಂದು 6 ದಿನ ಸೇರಿಸಿ 24 ಮಾಡಿದ್ದೇವೆ. ಜುಲೈ 1ರಿಂದ ಜನ ಡೆಕ್ ಮೇಲೆ ನಡೆದು ದಾಟಬಹುದು. ಡಾಂಬರು ಜುಲೈ 28ಕ್ಕೆ, ಬಣ್ಣ ಮತ್ತು ಬೋರ್ಡು ಆಗಸ್ಟ್ 8ಕ್ಕೆ.

ವಿದ್ಯುತ್ ಕಂಬ ಮತ್ತು ಕುಡಿಯುವ ನೀರಿನ ಪೈಪನ್ನು ಇಲಾಖೆಗಳು ಫೆಬ್ರವರಿ 28ರೊಳಗೆ ಪಕ್ಕಕ್ಕೆ ಹಾಕಿಕೊಡುತ್ತವೆ, ಡ್ರಾಯಿಂಗಿನ ಒಪ್ಪಿಗೆ ಕಳಿಸಿದ 7 ದಿನದೊಳಗೆ ಬರುತ್ತದೆ ಎಂದು ಹಿಡಿದಿದ್ದೇವೆ. ಇವುಗಳಲ್ಲಿ ಯಾವುದು ತಪ್ಪಿದರೂ ಪೆಟ್ಟು ಮೊದಲು ಬೀಳುವುದು ಜೂನ್ 30ರ ಮೇಲೆ, ಆಗಸ್ಟ್ 31ರ ಮೇಲಲ್ಲ. ಪ್ರತಿ ಶನಿವಾರದ ವರದಿಯಲ್ಲಿ ನಾಲೆ ಫ್ಲೋಟ್, ಅಂದರೆ ನೀರು ಬರುವ ಮುಂಚೆ ಕೈಯಲ್ಲಿರುವ ದಿನ, ಎಷ್ಟು ಉಳಿದಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಕೊಡುತ್ತೇವೆ.